ಶಿಕ್ಷಕರು ಬೇಕಾಗಿದ್ದಾರೆ: ಹುದ್ದೆಯ ಪ್ರಕಟಣೆ ಬರೆಯುವುದರಿಂದ ಡೆಮೊ ತರಗತಿ ಮುಗಿಸುವವರೆಗೆ

ಮಾರ್ಚ್ ತಿಂಗಳು ಬಂತೆಂದರೆ ಮಂಗಳೂರಿನಿಂದ ಬೈಂದೂರಿನವರೆಗಿನ ಖಾಸಗಿ ಶಾಲೆಗಳ, ಪದವಿಪೂರ್ವ ಕಾಲೇಜುಗಳ ಮತ್ತು ಕೋಚಿಂಗ್ ಕೇಂದ್ರಗಳ ಪ್ರಕಟಣೆಗಳು ಪತ್ರಿಕೆಗಳಲ್ಲಿಯೂ ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಸಾಲುಗಟ್ಟಿ ಬರಲು ತೊಡಗುತ್ತವೆ. ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿರುತ್ತವೆ: "ಪ್ರತಿಷ್ಠಿತ ಶಾಲೆಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರು ಬೇಕಾಗಿದ್ದಾರೆ. ಅನುಭವಿಗಳಿಗೆ ಆದ್ಯತೆ. ಆಕರ್ಷಕ ವೇತನ. ಡೆಮೊ ತರಗತಿ ಇರುತ್ತದೆ." ಇದನ್ನು ಓದಿದ ಅಭ್ಯರ್ಥಿಗೆ ತಾನು ಯಾವ ತರಗತಿಗೆ ಪಾಠ ಮಾಡಬೇಕು, ತನ್ನ ಪದವಿ ಸಾಲುತ್ತದೆಯೇ, ಎಷ್ಟು ಸಂಬಳ ಸಿಗುತ್ತದೆ, ಡೆಮೊಗೆ ಯಾವ ಪಾಠ ಸಿದ್ಧಮಾಡಿಕೊಳ್ಳಬೇಕು ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರ ಸಿಗುವುದಿಲ್ಲ. ಪರಿಣಾಮವಾಗಿ ಅರ್ಹರಲ್ಲದವರ ಅರ್ಜಿಗಳು ಕಚೇರಿಯ ಮೇಜಿನ ಮೇಲೆ ರಾಶಿ ಬೀಳುತ್ತವೆ. ಅರ್ಹರಾಗಿದ್ದು ಈಗಾಗಲೇ ಬೇರೆಡೆ ಕೆಲಸದಲ್ಲಿರುವವರು, ಅಂದರೆ ಶಾಲೆಗೆ ನಿಜವಾಗಿ ಬೇಕಾದವರು, ಇಷ್ಟು ಅಸ್ಪಷ್ಟ ಕರೆಗೆ ಒಂದು ದಿನದ ರಜೆ ಹಾಕಿ ಬರುವುದಿಲ್ಲ.

ಉಡುಪಿ ಜಿಲ್ಲೆಯ ಒಂದು ಅನುದಾನರಹಿತ ಆಂಗ್ಲ ಮಾಧ್ಯಮ ಪ್ರೌಢಶಾಲೆಗೆ ಗಣಿತ ಶಿಕ್ಷಕರನ್ನು ಆರಿಸುವ ಒಂದು ಸಂದರ್ಭವನ್ನು ಮಾದರಿಯಾಗಿ ಇಟ್ಟುಕೊಂಡು ಪ್ರಕಟಣೆಯ ಪ್ರತಿಯೊಂದು ಸಾಲು ಎಲ್ಲಿಂದ ಬರಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಶಾಲೆ ರಾಜ್ಯ ಪಠ್ಯಕ್ರಮದ್ದು, ಬ್ರಹ್ಮಾವರದ ಆಸುಪಾಸಿನದು ಎಂದು ಇಟ್ಟುಕೊಳ್ಳೋಣ. ಕೋಚಿಂಗ್ ಕೇಂದ್ರಗಳಿಗೆ ಬೇರೆಯಾಗುವ ಅಂಶಗಳನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಮೊದಲು ವೇಳಾಪಟ್ಟಿ, ಆಮೇಲೆ ಪ್ರಕಟಣೆ

"ಗಣಿತ ಶಿಕ್ಷಕರು" ಎಂಬುದು ಹುದ್ದೆಯ ಪೂರ್ಣ ವಿವರವಲ್ಲ. ನಮ್ಮ ರಾಜ್ಯದ ಪ್ರೌಢಶಾಲೆಗಳಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುತ್ತಾರೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಪಿಸಿಎಂ ಶಿಕ್ಷಕರು ಒಬ್ಬರು, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಸಿಬಿಝಡ್ ಶಿಕ್ಷಕರು ಇನ್ನೊಬ್ಬರು. ಆದ್ದರಿಂದ ಹುದ್ದೆಯನ್ನು ಬಿಟ್ಟುಹೋಗುವವರು ವಾಸ್ತವವಾಗಿ ಏನೇನು ಮಾಡುತ್ತಿದ್ದರು ಎಂಬುದನ್ನು ವೇಳಾಪಟ್ಟಿಯಲ್ಲಿ ನೋಡಿ ಬರೆದುಕೊಳ್ಳುವುದೇ ಮೊದಲ ಹೆಜ್ಜೆ.

ನಮ್ಮ ಮಾದರಿ ಶಾಲೆಯಲ್ಲಿ ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಎರಡೆರಡು ವಿಭಾಗಗಳಿವೆ. ಗಣಿತಕ್ಕೆ ಪ್ರತಿ ವಿಭಾಗಕ್ಕೆ ವಾರಕ್ಕೆ 6 ಪೀರಿಯಡ್‌ಗಳಂತೆ ಒಟ್ಟು 36 ಪೀರಿಯಡ್‌ಗಳಾಗುತ್ತವೆ. ಇಷ್ಟನ್ನು ಒಬ್ಬರ ಮೇಲೆ ಹೊರಿಸಿದರೆ ಅವರಿಗೆ ನೋಟ್‌ಬುಕ್ ತಿದ್ದುವುದಕ್ಕೂ ಮರುದಿನದ ಪಾಠವನ್ನು ಸಿದ್ಧಪಡಿಸಿಕೊಳ್ಳುವುದಕ್ಕೂ ಬಿಡುವು ಉಳಿಯುವುದಿಲ್ಲ. ಹೊರಟುಹೋದವರು ಒಂಬತ್ತು ಮತ್ತು ಹತ್ತರ ನಾಲ್ಕು ವಿಭಾಗಗಳಿಗೆ ಗಣಿತವನ್ನು, ಅಂದರೆ 24 ಪೀರಿಯಡ್‌ಗಳನ್ನು, ಜೊತೆಗೆ ಹತ್ತನೆಯ ಎರಡು ವಿಭಾಗಗಳಿಗೆ ವಿಜ್ಞಾನದ ಭೌತಶಾಸ್ತ್ರದ ಭಾಗವನ್ನು ವಾರಕ್ಕೆ ಎರಡೆರಡು ಪೀರಿಯಡ್‌ಗಳಂತೆ ತೆಗೆದುಕೊಳ್ಳುತ್ತಿದ್ದರು. ಒಟ್ಟು 28 ಪೀರಿಯಡ್. ಒಂದು ಪೀರಿಯಡ್‌ಗೆ 40 ನಿಮಿಷವಾದರೆ 18 ಗಂಟೆ 40 ನಿಮಿಷಗಳ ಬೋಧನೆ. ಎಂಟನೆಯ ತರಗತಿಯ ಗಣಿತ ಈಗಾಗಲೇ ಇನ್ನೊಬ್ಬರ ಕೈಯಲ್ಲಿದೆ.

ಈ ಲೆಕ್ಕ ಹಾಕಿದ ಕೂಡಲೇ ಹುದ್ದೆಯ ಹೆಸರೇ ಬದಲಾಗುತ್ತದೆ. ಅದು "ಗಣಿತ ಶಿಕ್ಷಕರು" ಅಲ್ಲ, "ಗಣಿತ (9 ಮತ್ತು 10ನೇ ತರಗತಿ) ಹಾಗೂ ಭೌತಶಾಸ್ತ್ರ (10ನೇ ತರಗತಿ), ವಾರಕ್ಕೆ 28 ಪೀರಿಯಡ್". ಪದವಿಯಲ್ಲಿ ಗಣಿತದೊಂದಿಗೆ ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ವಿಜ್ಞಾನ ಓದಿ ಭೌತಶಾಸ್ತ್ರವನ್ನು ಓದದವರು ಇದನ್ನು ನೋಡಿ ತಾವೇ ನಿರ್ಧರಿಸಿಕೊಳ್ಳುತ್ತಾರೆ. ಈ ವಿವರ ಪ್ರಕಟಣೆಯಲ್ಲಿ ಇಲ್ಲದಿದ್ದರೆ ಜೂನ್ ಮೊದಲ ವಾರದಲ್ಲಿ ವೇಳಾಪಟ್ಟಿ ಕೈಗೆ ಬಂದಾಗ ಹೊಸ ಶಿಕ್ಷಕರು "ಭೌತಶಾಸ್ತ್ರದ ವಿಷಯ ನನಗೆ ಹೇಳಿರಲಿಲ್ಲ" ಎನ್ನುತ್ತಾರೆ, ಮತ್ತು ಅವರ ಮಾತಿನಲ್ಲಿ ತಪ್ಪಿರುವುದಿಲ್ಲ.

ಅರ್ಹತೆ: ಕಾನೂನು ಕೇಳುವುದು ಒಂದು, ಶಾಲೆ ಬಯಸುವುದು ಇನ್ನೊಂದು

ಪ್ರಕಟಣೆಯಲ್ಲಿ ಹೆಚ್ಚು ಗೊಂದಲ ಹುಟ್ಟುವುದು ಅರ್ಹತೆಯ ಸಾಲಿನಲ್ಲಿ. ಕಡ್ಡಾಯವಾಗಿ ಇರಲೇಬೇಕಾದ ಅರ್ಹತೆಯನ್ನೂ ಇದ್ದರೆ ಒಳ್ಳೆಯದೆನಿಸುವ ಅರ್ಹತೆಯನ್ನೂ ಒಂದೇ ವಾಕ್ಯದಲ್ಲಿ ಕಲಸಿಬಿಡುವುದೇ ಅದಕ್ಕೆ ಕಾರಣ. ಇವೆರಡನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು.

ಕಡ್ಡಾಯ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ತರಗತಿವಾರು ನಿಗದಿಪಡಿಸಿದೆ. ಒಂದರಿಂದ ಐದನೆಯ ತರಗತಿಯವರೆಗೆ ಪಿಯುಸಿಯೊಂದಿಗೆ ಎರಡು ವರ್ಷದ ಡಿ.ಎಲ್.ಇಡಿ. ಮತ್ತು ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪತ್ರಿಕೆ 1ರಲ್ಲಿ ತೇರ್ಗಡೆ ಬೇಕು. ಆರರಿಂದ ಎಂಟನೆಯ ತರಗತಿಗೆ ಪದವಿಯೊಂದಿಗೆ ಬಿ.ಎಡ್. ಅಥವಾ ಡಿ.ಎಲ್.ಇಡಿ. ಮತ್ತು ಟಿಇಟಿ ಪತ್ರಿಕೆ 2 ಬೇಕು. ಒಂಬತ್ತು ಮತ್ತು ಹತ್ತಕ್ಕೆ ಪದವಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಶೇ. 50 ಅಂಕ ಹಾಗೂ ಬಿ.ಎಡ್. ಬೇಕೆಂದೂ ಪಿಯುಸಿಗೆ ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ ಹಾಗೂ ಬಿ.ಎಡ್. ಬೇಕೆಂದೂ 2014ರ ಎನ್‌ಸಿಟಿಇ ನಿಯಮಾವಳಿ ಹೇಳುತ್ತದೆ.

ಇಲ್ಲಿ ಎರಡು ಕಡೆ ಶಾಲೆಗಳು ಎಡವುತ್ತವೆ. ಮೊದಲನೆಯದು ಪ್ರಾಥಮಿಕ ತರಗತಿಗಳಿಗೆ ಸಂಬಂಧಿಸಿದ್ದು. ಬಿ.ಎಡ್. ಮಾಡಿದವರನ್ನು ಒಂದರಿಂದ ಐದನೆಯ ತರಗತಿಗೂ ತೆಗೆದುಕೊಳ್ಳಬಹುದೆಂದು 2018ರಲ್ಲಿ ಹೊರಟಿದ್ದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಒಪ್ಪಲಿಲ್ಲ. ಆದರೂ "ಪ್ರಾಥಮಿಕ ಶಿಕ್ಷಕರು: ಯಾವುದೇ ಪದವಿ, ಬಿ.ಎಡ್." ಎಂಬ ಹಳೆಯ ಸಾಲನ್ನೇ ಪ್ರತಿವರ್ಷ ನಕಲು ಮಾಡುವ ಶಾಲೆಗಳಿವೆ. ಎರಡನೆಯದು ಎಂಟನೆಯ ತರಗತಿಗೆ ಸಂಬಂಧಿಸಿದ್ದು. ನಮ್ಮಲ್ಲಿ ಎಂಟನೆಯ ತರಗತಿ ಪ್ರೌಢಶಾಲೆಯ ಕಟ್ಟಡದಲ್ಲಿಯೇ ನಡೆಯುತ್ತದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿ ಎಂಟನೆಯ ತರಗತಿಯವರೆಗೆ ಇರುವುದರಿಂದ ಅಲ್ಲಿ ಪಾಠ ಮಾಡುವವರಿಗೆ ಟಿಇಟಿಯ ಪ್ರಶ್ನೆ ಬರುತ್ತದೆ. ನಮ್ಮ ಮಾದರಿ ಹುದ್ದೆ ಒಂಬತ್ತು ಮತ್ತು ಹತ್ತಕ್ಕೆ ಸೀಮಿತವಾಗಿರುವುದರಿಂದ ಟಿಇಟಿಯನ್ನು ಕಡ್ಡಾಯವೆಂದು ಬರೆಯಬೇಕಾಗಿಲ್ಲ. ಮುಂದೆ ಎಂಟನೆಯ ತರಗತಿಯನ್ನೂ ಕೊಡುವ ಯೋಚನೆ ಆಡಳಿತ ಮಂಡಳಿಗೆ ಇದ್ದರೆ ಅದನ್ನು ಈಗಲೇ ಹೇಳಿ, ಟಿಇಟಿಯನ್ನು ಅರ್ಹತೆಯಲ್ಲಿ ಸೇರಿಸಬೇಕು. ಒಮ್ಮೆ ತೇರ್ಗಡೆಯಾದ ಟಿಇಟಿ ಪ್ರಮಾಣಪತ್ರ ಈಗ ಜೀವನಪರ್ಯಂತ ಸಿಂಧುವಾಗಿರುವುದರಿಂದ "ಕಳೆದ ಏಳು ವರ್ಷಗಳೊಳಗೆ ತೇರ್ಗಡೆ" ಎಂಬ ಷರತ್ತನ್ನು ಹಳೆಯ ಪ್ರಕಟಣೆಯಿಂದ ಎತ್ತಿಕೊಂಡು ಬರಬಾರದು. ಅಲ್ಪಸಂಖ್ಯಾತ ಸಂಸ್ಥೆಗಳು ದಕ್ಷಿಣ ಕನ್ನಡದಲ್ಲಿ ಬಹಳ ಇವೆ. ಅವುಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು, 2025ರ ಸೆಪ್ಟೆಂಬರ್‌ನಲ್ಲಿ ಆ ಪ್ರಶ್ನೆಯನ್ನು ವಿಸ್ತೃತ ಪೀಠದ ಪರಿಶೀಲನೆಗೆ ಕಳುಹಿಸಿದೆ. ಅಂತಹ ಸಂಸ್ಥೆಗಳ ಸಂಚಾಲಕರು ಪ್ರಕಟಣೆ ಕೊಡುವ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಅಪೇಕ್ಷಣೀಯ ಅರ್ಹತೆಗಳ ಸಾಲಿನಲ್ಲಿ ಕೆಲಸಕ್ಕೆ ನೇರವಾಗಿ ಸಂಬಂಧಪಟ್ಟದ್ದು ಮಾತ್ರ ಇರಲಿ. "ಎಸ್ಸೆಸ್ಸೆಲ್ಸಿ ತರಗತಿಗೆ ಎರಡು ವರ್ಷ ಗಣಿತ ಕಲಿಸಿದ ಅನುಭವ" ಎಂಬುದು ಸ್ಪಷ್ಟ; "ಕ್ರಿಯಾಶೀಲ, ಉತ್ಸಾಹಿ, ಸಮರ್ಪಣಾ ಮನೋಭಾವದವರು" ಎಂಬುದನ್ನು ಯಾರೂ ತಮಗೆ ಅನ್ವಯಿಸುವುದಿಲ್ಲವೆಂದು ಬಿಡುವುದಿಲ್ಲವಾದ್ದರಿಂದ ಅದರಿಂದ ಯಾವ ಜರಡಿಯೂ ಆಗುವುದಿಲ್ಲ. ಭಾಷೆಯ ವಿಷಯದಲ್ಲಿ, ಆಂಗ್ಲ ಮಾಧ್ಯಮದಲ್ಲಿ ಬೋಧಿಸಲು ಬರಬೇಕು, ಪೋಷಕರೊಡನೆ ಕನ್ನಡದಲ್ಲಿ ಮಾತನಾಡಲು ಬರಬೇಕು ಎಂದರೆ ಸಾಕು. ತುಳುವನ್ನೋ ಕೊಂಕಣಿಯನ್ನೋ ಕಡ್ಡಾಯ ಮಾಡಿದರೆ ಘಟ್ಟದ ಮೇಲಿನಿಂದ ಬರುವ ಒಳ್ಳೆಯ ಗಣಿತ ಶಿಕ್ಷಕರನ್ನು ಕಾರಣವಿಲ್ಲದೆ ಕಳೆದುಕೊಂಡಂತಾಗುತ್ತದೆ. ಮನೆಯಲ್ಲಿ ತುಳು ಆಡುವ ಮಕ್ಕಳಿಗೂ ತರಗತಿಯ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ.

ಸಂಬಳ ಮತ್ತು ಪಾಠದ ಹೊರಗಿನ ಕೆಲಸ

ಸಂಬಳವನ್ನು ಅಂಕಿಯಲ್ಲಿ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. "ಅರ್ಹತೆಗೆ ತಕ್ಕ ವೇತನ" ಎಂದು ಬರೆದ ಶಾಲೆಗೆ ಕುಂದಾಪುರದಿಂದ ಡೆಮೊ ಕೊಡಲು ಬಂದವರು ಕೊನೆಯಲ್ಲಿ ಮೊತ್ತ ಕೇಳಿ ಹಿಂದಿರುಗಿದರೆ ಅವರ ಒಂದು ದಿನವೂ ಶಾಲೆಯ ಮೂವರು ಹಿರಿಯ ಶಿಕ್ಷಕರ ಒಂದು ಗಂಟೆಯೂ ವ್ಯರ್ಥವಾಗುತ್ತದೆ. ಮಾದರಿಗೆ ತಿಂಗಳ ವೇತನ 24,000 ರೂಪಾಯಿ, ಅದರಲ್ಲಿ ಮೂಲವೇತನ 15,000 ಎಂದಿಟ್ಟುಕೊಂಡರೆ ಭವಿಷ್ಯನಿಧಿಗೆ ಶೇ. 12ರಂತೆ 1,800 ಕಡಿತವಾಗಿ 22,200 ರೂಪಾಯಿ ಕೈಗೆ ಬರುತ್ತದೆ. ಈ ಎರಡು ಅಂಕಿಗಳನ್ನೂ ಬರೆಯುವುದು ಒಳ್ಳೆಯದು, ಏಕೆಂದರೆ ಅಭ್ಯರ್ಥಿ ತನ್ನ ಈಗಿನ ಸಂಬಳದೊಂದಿಗೆ ಹೋಲಿಸುವುದು ಕೈಗೆ ಬರುವ ಮೊತ್ತವನ್ನು. ವೇತನ ವರ್ಷದ 12 ತಿಂಗಳಿಗೂ ಇದೆಯೇ ಅಥವಾ ಏಪ್ರಿಲ್-ಮೇ ರಜೆಯಲ್ಲಿ ಇಲ್ಲವೇ ಎಂಬುದನ್ನೂ ಬಿಡದೆ ಹೇಳಬೇಕು.

ಪಾಠದ ಹೊರಗಿನ ಕೆಲಸಗಳಲ್ಲಿ ಶಿಕ್ಷಕರ ದಿನದ ವೇಳೆಯನ್ನು ಬದಲಿಸುವಂಥವನ್ನು ಮಾತ್ರ ಪ್ರಕಟಣೆಯಲ್ಲಿ ಸೇರಿಸಿ: ಶಾಲಾ ಬಸ್ಸಿನಲ್ಲಿ ಮಕ್ಕಳೊಡನೆ ಹೋಗುವ ಜವಾಬ್ದಾರಿ, ಹತ್ತನೆಯವರಿಗೆ ಸಂಜೆಯ ವಿಶೇಷ ತರಗತಿ, ವಸತಿ ಸಂಸ್ಥೆಯಾದರೆ ರಾತ್ರಿಯ ಸ್ಟಡಿ ಅವರ್ ಮತ್ತು ಭಾನುವಾರದ ಪರೀಕ್ಷೆಗಳ ಮೇಲ್ವಿಚಾರಣೆ. ಕರಾವಳಿಯ ವಸತಿ ಪಿಯು ಕಾಲೇಜುಗಳಲ್ಲಿ ಈ ಕೊನೆಯ ಎರಡು ಅಂಶಗಳನ್ನು ಮುಚ್ಚಿಡುವುದರಿಂದಲೇ ವರ್ಷದ ನಡುವೆ ಉಪನ್ಯಾಸಕರು ಬಿಟ್ಟುಹೋಗುವ ಪ್ರಸಂಗಗಳು ಬರುತ್ತವೆ.

ಡೆಮೊ ತರಗತಿಯ ಸಾಲು

"ಡೆಮೊ ತರಗತಿ ಇರುತ್ತದೆ" ಎಂದಷ್ಟೇ ಬರೆದಾಗ ಪ್ರತಿಯೊಬ್ಬರೂ ತಮಗೆ ಅತ್ಯಂತ ಚೆನ್ನಾಗಿ ಬರುವ ಪಾಠವನ್ನು ತರುತ್ತಾರೆ. ಒಬ್ಬರು ಪೈಥಾಗೊರಸ್ ಪ್ರಮೇಯವನ್ನು ಬಣ್ಣದ ಕಾಗದ ಕತ್ತರಿಸಿ ತೋರಿಸುತ್ತಾರೆ, ಇನ್ನೊಬ್ಬರು ಸಂಖ್ಯಾಶಾಸ್ತ್ರದ ಸರಾಸರಿ ಮಾಡುತ್ತಾರೆ. ಇವರಿಬ್ಬರನ್ನು ಹೋಲಿಸಲು ಯಾವ ಆಧಾರವೂ ಉಳಿಯುವುದಿಲ್ಲ. ಆದ್ದರಿಂದ ತರಗತಿ, ಪಾಠದ ಭಾಗ, ಸಮಯ, ಮಾಧ್ಯಮ ಮತ್ತು ಎದುರಿಗೆ ಯಾರು ಕುಳಿತಿರುತ್ತಾರೆ ಎಂಬ ಐದನ್ನೂ ಪ್ರಕಟಣೆಯಲ್ಲಿಯೇ ನಿಗದಿಪಡಿಸಬೇಕು.

ಪಾಠದ ಭಾಗವನ್ನು ಆರಿಸುವಾಗ ಮಕ್ಕಳು ಸಾಮಾನ್ಯವಾಗಿ ತಪ್ಪು ಮಾಡುವ ಜಾಗವೊಂದು ಅದರೊಳಗೆ ಇರುವಂತೆ ನೋಡಿಕೊಳ್ಳಿ. ಹತ್ತನೆಯ ತರಗತಿಯ ಸಮಾಂತರ ಶ್ರೇಢಿಗಳ ಅಧ್ಯಾಯದಲ್ಲಿ n ನೇ ಪದವನ್ನು ಕಂಡುಹಿಡಿಯುವ ಭಾಗ ಇದಕ್ಕೆ ಹೇಳಿಮಾಡಿಸಿದಂತಿದೆ. ಸೂತ್ರ a + (n − 1)d. 5, 8, 11 ಎಂದು ಸಾಗುವ ಶ್ರೇಢಿಯ ಹತ್ತನೆಯ ಪದ ಯಾವುದೆಂದು ಕೇಳಿದರೆ ಉತ್ತರ 5 + 9 × 3, ಅಂದರೆ 32. ಆದರೆ ತರಗತಿಯಲ್ಲಿ ಕೆಲವರಾದರೂ 5 + 10 × 3 ಎಂದು 35 ಬರೆಯುತ್ತಾರೆ. ಹತ್ತನೆಯ ಪದಕ್ಕೆ ಹೋಗಲು ಒಂಬತ್ತು ಹೆಜ್ಜೆ ಸಾಕು ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಆ 35 ಎಂಬ ಉತ್ತರ ಬಂದಾಗ ಅಭ್ಯರ್ಥಿ ಏನು ಮಾಡುತ್ತಾರೆ ಎಂಬುದರಲ್ಲಿ ಅವರ ಬೋಧನೆಯ ಬಹುಪಾಲು ಕಾಣಿಸುತ್ತದೆ. "ತಪ್ಪು, ಸೂತ್ರ ನೋಡು" ಎನ್ನುವವರೂ ಇದ್ದಾರೆ. ಮೊದಲ ಪದಕ್ಕೆ ಎಷ್ಟು ಸಲ 3 ಕೂಡಿದೆವು, ಎರಡನೆಯದಕ್ಕೆ ಎಷ್ಟು ಸಲ, ಮೂರನೆಯದಕ್ಕೆ ಎಷ್ಟು ಸಲ ಎಂದು ಆ ವಿದ್ಯಾರ್ಥಿಯಿಂದಲೇ ಹೇಳಿಸಿ (n − 1) ಎಲ್ಲಿಂದ ಬಂತೆಂದು ತೋರಿಸುವವರೂ ಇದ್ದಾರೆ.

ಸಮಯ 20 ನಿಮಿಷ ಸಾಕು. ಅದರ ನಂತರ 10 ನಿಮಿಷ ಪ್ರಶ್ನೆಗಳಿಗೆ ಇರಲಿ. ಹತ್ತು ನಿಮಿಷಕ್ಕಿಂತ ಕಡಿಮೆ ಕೊಟ್ಟರೆ ಪರಿಚಯ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಪೂರ್ಣ ಪೀರಿಯಡ್ ಕೊಟ್ಟರೆ ಒಂದೇ ದಿನ ಆರು ಜನರನ್ನು ನೋಡಲಾಗುವುದಿಲ್ಲ.

ಎದುರಿಗೆ ಮಕ್ಕಳೇ ಇರಬೇಕು. ಬಹಳಷ್ಟು ಕಡೆ ಡೆಮೊ ಎಂದರೆ ಸಂಚಾಲಕರು, ಮುಖ್ಯೋಪಾಧ್ಯಾಯರು ಮತ್ತು ಆಡಳಿತ ಮಂಡಳಿಯ ಇಬ್ಬರು ಸದಸ್ಯರ ಎದುರು ಬೋರ್ಡಿನ ಮೇಲೆ ಬರೆಯುವುದು ಎಂದಾಗಿದೆ. ದೊಡ್ಡವರು 35 ಎಂಬ ತಪ್ಪು ಉತ್ತರವನ್ನು ಕೊಡುವುದಿಲ್ಲ, ಕೊಟ್ಟರೂ ನಟನೆಯಾಗುತ್ತದೆ. ಇಲ್ಲಿ ಕರಾವಳಿಯ ಶಾಲೆಗಳಿಗೆ ಒಂದು ಪ್ರಾಯೋಗಿಕ ತೊಡಕಿದೆ: ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಬೇಸಿಗೆ ರಜೆ ಆರಂಭವಾಗುತ್ತದೆ, ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆ ಮುಗಿಸಿ ಹೋಗಿರುತ್ತಾರೆ, ಒಂಬತ್ತರಿಂದ ಹತ್ತಕ್ಕೆ ಬರುವ ಮಕ್ಕಳು ಮನೆಯಲ್ಲಿರುತ್ತಾರೆ. ಆದ್ದರಿಂದ ಡೆಮೊ ದಿನವನ್ನು ಮೊದಲೇ ಗೊತ್ತುಮಾಡಿ, ಒಂಬತ್ತನೆಯ ತರಗತಿ ಮುಗಿಸಿದ ಹದಿನೈದು ಇಪ್ಪತ್ತು ಮಕ್ಕಳನ್ನು ಪೋಷಕರ ಒಪ್ಪಿಗೆ ಪಡೆದು ಒಂದು ಶನಿವಾರ ಬೆಳಿಗ್ಗೆ ಕರೆಸಬೇಕು. ಅವರಿಗೆ ಆ ಪಾಠ ಹೊಸದಾಗಿರುವುದರಿಂದ ನಿಜವಾದ ಪ್ರತಿಕ್ರಿಯೆ ಸಿಗುತ್ತದೆ. ಹಲವರು ಒಂದೇ ಭಾಗವನ್ನು ಮಾಡುವುದರಿಂದ ಮಕ್ಕಳಿಗೆ ಎರಡನೆಯ ಸಲದ ಹೊತ್ತಿಗೆ ಉತ್ತರ ತಿಳಿದುಹೋಗುತ್ತದೆ. ಮಕ್ಕಳನ್ನು ಎರಡು ಗುಂಪು ಮಾಡಿ, ಬೇರೆ ಬೇರೆ ಕೊಠಡಿಯಲ್ಲಿ ಕೂರಿಸಿ, ಒಂದು ಗುಂಪಿಗೆ ಹೆಚ್ಚೆಂದರೆ ಇಬ್ಬರ ಪಾಠ ಎಂದು ಇಟ್ಟುಕೊಂಡರೆ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಅಭ್ಯರ್ಥಿಗಳು ಹೆಚ್ಚಿದ್ದರೆ ಅದೇ ಅಧ್ಯಾಯದ ಎರಡು ಭಾಗಗಳನ್ನು ಪ್ರಕಟಣೆಯಲ್ಲಿ ಕೊಟ್ಟು, ಯಾವುದನ್ನು ಮಾಡಬೇಕೆಂದು ಅದೇ ದಿನ ಚೀಟಿ ಎತ್ತಿಸಬಹುದು.

ಪ್ರಕಟಣೆಯ ಪೂರ್ಣ ಪಾಠ

ಇಷ್ಟನ್ನು ಸೇರಿಸಿ ಬರೆದರೆ ಪ್ರಕಟಣೆ ಹೀಗಾಗುತ್ತದೆ:

> ಶಿಕ್ಷಕರು ಬೇಕಾಗಿದ್ದಾರೆ
>
> ಬ್ರಹ್ಮಾವರ ಸಮೀಪದ ನಮ್ಮ ಅನುದಾನರಹಿತ ಆಂಗ್ಲ ಮಾಧ್ಯಮ ಪ್ರೌಢಶಾಲೆಗೆ (ರಾಜ್ಯ ಪಠ್ಯಕ್ರಮ) ಮುಂಬರುವ ಶೈಕ್ಷಣಿಕ ವರ್ಷಕ್ಕೆ ಪಿಸಿಎಂ ಶಿಕ್ಷಕರು ಒಬ್ಬರು ಬೇಕಾಗಿದ್ದಾರೆ.
>
> ಬೋಧಿಸಬೇಕಾದ ವಿಷಯ: ಗಣಿತ, 9 ಮತ್ತು 10ನೇ ತರಗತಿ, ಭೌತಶಾಸ್ತ್ರ, 10ನೇ ತರಗತಿ. ವಾರಕ್ಕೆ 28 ಪೀರಿಯಡ್.
>
> ಕಡ್ಡಾಯ ಅರ್ಹತೆ: ಗಣಿತ ಮತ್ತು ಭೌತಶಾಸ್ತ್ರಗಳನ್ನು ಓದಿದ ಬಿ.ಎಸ್ಸಿ. ಅಥವಾ ಎಂ.ಎಸ್ಸಿ. (ಪದವಿ ಅಥವಾ ಸ್ನಾತಕೋತ್ತರದಲ್ಲಿ ಶೇ. 50 ಅಂಕ) ಮತ್ತು ಬಿ.ಎಡ್.
>
> ಅಪೇಕ್ಷಣೀಯ: ಎಸ್ಸೆಸ್ಸೆಲ್ಸಿ ತರಗತಿಗೆ ಎರಡು ವರ್ಷ ಗಣಿತ ಕಲಿಸಿದ ಅನುಭವ.
>
> ವೇತನ: ತಿಂಗಳಿಗೆ 24,000 ರೂ.; ಭವಿಷ್ಯನಿಧಿ ಕಡಿತದ ನಂತರ 22,200 ರೂ. ವರ್ಷದ 12 ತಿಂಗಳೂ ವೇತನವಿದೆ.
>
> ಇತರ ಕೆಲಸ: ನವೆಂಬರ್‌ನಿಂದ ಮಾರ್ಚ್‌ವರೆಗೆ 10ನೇ ತರಗತಿಗೆ ವಾರದಲ್ಲಿ ಮೂರು ದಿನ ಸಂಜೆ ಒಂದು ಗಂಟೆಯ ವಿಶೇಷ ತರಗತಿ.
>
> ಡೆಮೊ ತರಗತಿ: ಅರ್ಜಿಗಳ ಪರಿಶೀಲನೆಯಲ್ಲಿ ಆಯ್ಕೆಯಾದವರಿಗೆ ಮಾತ್ರ, ಏಪ್ರಿಲ್ ಕೊನೆಯ ಶನಿವಾರ ಬೆಳಿಗ್ಗೆ 9.30ರಿಂದ. ಪಾಠ: 10ನೇ ತರಗತಿಯ ಸಮಾಂತರ ಶ್ರೇಢಿಗಳು, n ನೇ ಪದ. 20 ನಿಮಿಷ, ಇಂಗ್ಲಿಷ್‌ನಲ್ಲಿ, 9ನೇ ತರಗತಿ ಮುಗಿಸಿದ ವಿದ್ಯಾರ್ಥಿಗಳ ಎದುರು. ಬೋರ್ಡ್ ಮತ್ತು ಚಾಕ್‌ಪೀಸ್ ಒದಗಿಸಲಾಗುವುದು, ಪ್ರೊಜೆಕ್ಟರ್ ಇರುವುದಿಲ್ಲ.
>
> ಅರ್ಜಿಯೊಂದಿಗೆ ಪದವಿ ಮತ್ತು ಬಿ.ಎಡ್. ಅಂಕಪಟ್ಟಿಗಳ ಜೆರಾಕ್ಸ್ ಪ್ರತಿಗಳನ್ನು ಕಳುಹಿಸಿ. ಮೂಲ ದಾಖಲೆಗಳನ್ನು ಡೆಮೊ ದಿನ ಪರಿಶೀಲಿಸಿ ಆಗಲೇ ಹಿಂದಿರುಗಿಸಲಾಗುವುದು. ಅರ್ಜಿಗೆ ಶುಲ್ಕವಿಲ್ಲ.

ಇದರ ಕೆಳಗೆ ಶಾಲೆಯ ಹೆಸರು, ವಿಳಾಸ, ಕಚೇರಿಯ ದೂರವಾಣಿ, ಅರ್ಜಿಯ ಕೊನೆಯ ದಿನಾಂಕ ಬರಬೇಕು. ಶಾಲೆಯ ಹೆಸರನ್ನು ಮರೆಮಾಡಿ "ಪ್ರತಿಷ್ಠಿತ ಸಂಸ್ಥೆ" ಎಂದು ಕೊಡುವ ಪ್ರಕಟಣೆಗಳಿಗೆ ಸದ್ಯ ಕೆಲಸದಲ್ಲಿರುವವರು ಅರ್ಜಿ ಹಾಕಲು ಹಿಂಜರಿಯುತ್ತಾರೆ, ಏಕೆಂದರೆ ಅದು ತಮ್ಮದೇ ಶಾಲೆಯಾಗಿರಬಹುದೆಂಬ ಭಯ ಅವರಿಗಿರುತ್ತದೆ. ಕಚೇರಿಯ ಹತ್ತಿರದ ಬಸ್ ನಿಲ್ದಾಣದ ಹೆಸರನ್ನು ಸೇರಿಸಿದರೆ ಮಂಗಳೂರು ಕಡೆಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವವರಿಗೆ ಅನುಕೂಲವಾಗುತ್ತದೆ. ಪತ್ರಿಕೆಯಲ್ಲಿ ಸ್ಥಳದ ದರ ಹೆಚ್ಚೆನಿಸಿದರೆ ಅಲ್ಲಿ ವಿಷಯ, ಕಡ್ಡಾಯ ಅರ್ಹತೆ, ವೇತನ ಮತ್ತು ದೂರವಾಣಿಯನ್ನು ಮಾತ್ರ ಹಾಕಿ, ಪೂರ್ಣ ಪಾಠವನ್ನು ಕರೆ ಮಾಡಿದವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬಹುದು.

ಕೊನೆಯ ದಿನಾಂಕ ಗೊತ್ತುಮಾಡುವಾಗ ಎಸ್ಸೆಸ್ಸೆಲ್ಸಿ ಮೌಲ್ಯಮಾಪನವನ್ನು ನೆನಪಿಡಬೇಕು. ಹತ್ತನೆಯ ತರಗತಿಗೆ ಕಲಿಸುವ ಅನುಭವಿಗಳು ಪರೀಕ್ಷೆ ಮುಗಿದ ನಂತರ ಏಪ್ರಿಲ್‌ನಲ್ಲಿ ಕೆಲವು ದಿನ ಮೌಲ್ಯಮಾಪನ ಕೇಂದ್ರಗಳಲ್ಲಿರುತ್ತಾರೆ. ಆ ದಿನಗಳಲ್ಲಿ ಡೆಮೊ ಇಟ್ಟರೆ ನಿಮಗೆ ಬೇಕಾದ ಅನುಭವಿಗಳೇ ಬರಲಾಗುವುದಿಲ್ಲ. ವರ್ಷದ ನಡುವೆ, ಜೂನ್ ಜುಲೈ ತಿಂಗಳಲ್ಲಿ ಹುದ್ದೆ ತೆರವಾದರೆ ಡೆಮೊಗೆ ಒಂದು ಬದಲಿ ದಿನಾಂಕವನ್ನೂ ಪ್ರಕಟಣೆಯಲ್ಲಿ ಕೊಡಿ, ಏಕೆಂದರೆ ಭಾರಿ ಮಳೆಗೆ ಜಿಲ್ಲಾಡಳಿತ ರಜೆ ಘೋಷಿಸಿದ ದಿನ ಮಕ್ಕಳೇ ಇರುವುದಿಲ್ಲ.

ಡೆಮೊ ದಿನ: ನೋಡುವುದು ಹೇಗೆ, ಅಂಕ ಕೊಡುವುದು ಹೇಗೆ

ನೋಡುವವರು ಮೂವರು ಸಾಕು: ಮುಖ್ಯೋಪಾಧ್ಯಾಯರು, ಗಣಿತ ಕಲಿಸಿದ ಅನುಭವವಿರುವ ಒಬ್ಬರು, ಆಡಳಿತ ಮಂಡಳಿಯ ಒಬ್ಬರು. ಶಾಲೆಯಲ್ಲಿ ಬೇರೆ ಗಣಿತ ಶಿಕ್ಷಕರು ಇಲ್ಲದಿದ್ದರೆ ನಿವೃತ್ತರೊಬ್ಬರನ್ನು ಕೇಳಿಕೊಳ್ಳಬಹುದು. ಮೂವರೂ ಹಿಂದಿನ ಬೆಂಚಿನಲ್ಲಿ ಕುಳಿತಿರಬೇಕು, ನಡುವೆ ಬಾಯಿಹಾಕಬಾರದು, ಪಾಠ ಮುಗಿದ ಕೂಡಲೇ ಒಬ್ಬರೊಡನೆ ಒಬ್ಬರು ಮಾತನಾಡುವ ಮೊದಲು ತಮ್ಮ ತಮ್ಮ ಹಾಳೆಯಲ್ಲಿ ಅಂಕ ಬರೆಯಬೇಕು. ಮೊದಲು ಮಾತನಾಡಿದರೆ ಹಿರಿಯರು ಹೇಳಿದ್ದನ್ನೇ ಉಳಿದವರು ಬರೆಯುವಂತಾಗುತ್ತದೆ.

ಹಾಳೆಯಲ್ಲಿ ಐದು ಶೀರ್ಷಿಕೆಗಳಿರಲಿ: ವಿಷಯದ ನಿಖರತೆಗೆ 10, ವಿವರಣೆಯ ಕ್ರಮಕ್ಕೆ 10, ಮಕ್ಕಳ ಉತ್ತರಗಳನ್ನು ನಿಭಾಯಿಸಿದ ರೀತಿಗೆ 10, ಬೋರ್ಡಿನ ಬರವಣಿಗೆಗೆ 5, ಭಾಷೆ ಮತ್ತು ಧ್ವನಿಗೆ 5. ಒಟ್ಟು 40. ಮೊದಲ ಶೀರ್ಷಿಕೆಗೆ ಗಣಿತ ಬಲ್ಲವರು ಮಾತ್ರ ಅಂಕ ಕೊಡಬೇಕು. ಮೊದಲ ಮತ್ತು ಮೂರನೆಯ ಶೀರ್ಷಿಕೆಗಳಲ್ಲಿ ಯಾವುದಾದರೂ ಒಂದರಲ್ಲಿ 6ಕ್ಕಿಂತ ಕಡಿಮೆ ಬಂದವರನ್ನು ಒಟ್ಟು ಎಷ್ಟೇ ಇದ್ದರೂ ತೆಗೆದುಕೊಳ್ಳುವುದಿಲ್ಲ ಎಂಬ ಗೆರೆಯನ್ನು ಮುಂಚೆಯೇ ಎಳೆದುಕೊಳ್ಳಬೇಕು.

ಈ ಗೆರೆ ಏಕೆ ಬೇಕೆಂಬುದು ಇಬ್ಬರು ಅಭ್ಯರ್ಥಿಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಮೊದಲನೆಯವರ ಇಂಗ್ಲಿಷ್ ನಿರರ್ಗಳ, ಬೋರ್ಡಿನ ಬರವಣಿಗೆ ಮುದ್ರಿಸಿದಂತಿದೆ. ಸೂತ್ರ ಬರೆದು, ಎರಡು ಲೆಕ್ಕಗಳನ್ನು ತಾವೇ ಬಿಡಿಸಿ, "ಅರ್ಥವಾಯಿತೇ" ಎಂದು ಕೇಳಿದ್ದಾರೆ, ಮಕ್ಕಳು ಒಟ್ಟಾಗಿ "ಎಸ್ ಸರ್" ಎಂದಿದ್ದಾರೆ. ಹಿಂದಿನ ಬೆಂಚಿನ ಹುಡುಗಿ 35 ಎಂದಾಗ ಅವರು ಸರಿಯುತ್ತರವನ್ನು ಬೋರ್ಡಿನ ಮೇಲೆ ಬರೆದು ಮುಂದೆ ಹೋಗಿದ್ದಾರೆ. ಅಂಕ 9, 8, 4, 5, 5, ಒಟ್ಟು 31. ಎರಡನೆಯವರ ಬೋರ್ಡಿನ ಸಾಲುಗಳು ಓರೆಯಾಗಿವೆ, ಇಂಗ್ಲಿಷ್ ಸ್ವಲ್ಪ ತಡವರಿಸುತ್ತದೆ. ಆದರೆ ಅವರು ಸೂತ್ರವನ್ನು ಕೊನೆಯವರೆಗೂ ಬರೆದಿಲ್ಲ. ಮಕ್ಕಳಿಂದ ಎರಡನೆಯ, ಮೂರನೆಯ, ನಾಲ್ಕನೆಯ ಪದಗಳನ್ನು ಹೇಳಿಸಿ, ಪ್ರತಿ ಪದದ ಕೆಳಗೆ ಎಷ್ಟು ಸಲ ಕೂಡಿದೆವೆಂದು ಬರೆಸಿ, ತಪ್ಪು ಹೇಳಿದ ಹುಡುಗಿಯನ್ನೇ ಬೋರ್ಡಿಗೆ ಕರೆದು ಲೆಕ್ಕ ಸರಿಪಡಿಸಿಕೊಳ್ಳುವಂತೆ ಮಾಡಿದ್ದಾರೆ. ಅಂಕ 8, 7, 9, 3, 3, ಒಟ್ಟು 30. ಒಟ್ಟು ಅಂಕವನ್ನು ಮಾತ್ರ ನೋಡಿದರೆ ಮೊದಲನೆಯವರು ಗೆಲ್ಲುತ್ತಾರೆ. ಗೆರೆಯ ಪ್ರಕಾರ ಎರಡನೆಯವರು ಆಯ್ಕೆಯಾಗುತ್ತಾರೆ. ಒಂಬತ್ತು ಹತ್ತನೆಯ ತರಗತಿಯ ಗಣಿತಕ್ಕೆ ಈ ಎರಡನೆಯ ಆಯ್ಕೆಯೇ ಸರಿ ಎಂದು ನಾನು ನಂಬುತ್ತೇನೆ, ಏಕೆಂದರೆ ಬೋರ್ಡಿನ ಬರವಣಿಗೆಯನ್ನು ಕೆಲವು ತಿಂಗಳಲ್ಲಿ ತಿದ್ದಿಕೊಳ್ಳಬಹುದು, ಮಗುವಿನ ತಪ್ಪನ್ನು ಕೇಳಿಸಿಕೊಳ್ಳುವ ಅಭ್ಯಾಸ ಅಷ್ಟು ಬೇಗ ಬರುವುದಿಲ್ಲ.

ಫಲಿತಾಂಶ ಖಚಿತಪಡಿಸಿಕೊಳ್ಳಲು ಇನ್ನೊಂದು ಸರಳ ದಾರಿಯಿದೆ. ಪ್ರತಿ ಪಾಠದ ನಂತರ ಮಕ್ಕಳಿಗೆ ಒಂದು ಚೀಟಿಯಲ್ಲಿ ಒಂದೇ ಲೆಕ್ಕ ಕೊಡಿ, ಉದಾಹರಣೆಗೆ 7, 11, 15 ಶ್ರೇಢಿಯ ಹನ್ನೆರಡನೆಯ ಪದ. ಉತ್ತರ 51. ಎಷ್ಟು ಮಕ್ಕಳು 51 ಬರೆದರು, ಎಷ್ಟು ಮಕ್ಕಳು 55 ಬರೆದರು ಎಂಬುದನ್ನು ಎಣಿಸಿದರೆ ಪಾಠ ಎಲ್ಲಿಗೆ ಮುಟ್ಟಿದೆ ಎಂಬುದು ತಿಳಿಯುತ್ತದೆ. ಆದರೆ ಒಂದೇ ಗುಂಪಿನ ಎದುರು ಎರಡನೆಯದಾಗಿ ಪಾಠ ಮಾಡಿದವರಿಗೆ ಇದರಲ್ಲಿ ಅನುಕೂಲವಾಗುವುದರಿಂದ, ಈ ಎಣಿಕೆಯನ್ನು ಅಂಕಕ್ಕೆ ಸೇರಿಸದೆ, ನಿರ್ಧಾರಕ್ಕೆ ಸಹಾಯವಾಗಿ ಮಾತ್ರ ಇಟ್ಟುಕೊಳ್ಳಬೇಕು.

ಕೋಚಿಂಗ್ ಕೇಂದ್ರವಾದರೆ

ನೀಟ್, ಜೆಇಇ, ಸಿಇಟಿ ತರಬೇತಿಯ ಕೇಂದ್ರಗಳಿಗೆ ಬಿ.ಎಡ್. ಕಡ್ಡಾಯವಲ್ಲ. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ರಾಜ್ಯಗಳಿಗೆ ನೀಡಿದ ಮಾರ್ಗಸೂಚಿಯಲ್ಲಿ ಬೋಧಕರಿಗೆ ಕನಿಷ್ಠ ಪದವಿ ಇರಬೇಕೆಂದು ಹೇಳಿದೆ. ರ‍್ಯಾಂಕ್ ಅಥವಾ ಉತ್ತಮ ಅಂಕಗಳ ಭರವಸೆ ಕೊಡಬಾರದೆಂದೂ ಹದಿನಾರು ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದೆಂದೂ ಅದರಲ್ಲಿದೆ. ಹುದ್ದೆಯ ಪ್ರಕಟಣೆಯಲ್ಲಿ "ಆರನೇ ತರಗತಿಯಿಂದಲೇ ನೀಟ್ ಫೌಂಡೇಶನ್ ಕಲಿಸಲು ಶಿಕ್ಷಕರು ಬೇಕು" ಎಂದು ಬರೆಯುವವರು ಇದನ್ನು ಗಮನಿಸಬೇಕು.

"ಶಾಲಾ ಶಿಕ್ಷಕರು ಸಂಜೆಯ ವೇಳೆಗೆ ಅರೆಕಾಲಿಕವಾಗಿ ಬರಬಹುದು" ಎಂಬ ಸಾಲು ಕೂಡ ಜಾಗರೂಕತೆ ಬೇಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್‌ನಲ್ಲಿ ತೊಡಗುವಂತಿಲ್ಲ. ಹಾಗೆ ಬಂದವರು ಶಾಲೆಯಿಂದ ನೋಟಿಸ್ ಬಂದ ದಿನ ನಿಮ್ಮ ತರಗತಿಯನ್ನು ಅರ್ಧಕ್ಕೆ ಬಿಡಬೇಕಾಗುತ್ತದೆ. ಅರೆಕಾಲಿಕರು ಬೇಕಿದ್ದರೆ ನಿವೃತ್ತ ಉಪನ್ಯಾಸಕರನ್ನೋ ಸ್ನಾತಕೋತ್ತರ ಪದವಿ ಮುಗಿಸಿ ಬೇರೆ ಉದ್ಯೋಗದಲ್ಲಿಲ್ಲದವರನ್ನೋ ಉದ್ದೇಶಿಸಿ ಬರೆಯುವುದು ಸರಿ.

ಡೆಮೊ ಕೂಡ ಬೇರೆ ರೀತಿಯದಾಗಬೇಕು. ನೀಟ್ ಭೌತಶಾಸ್ತ್ರಕ್ಕೆ ಬರುವವರು ಪರಿಕಲ್ಪನೆಯನ್ನು ಸುಂದರವಾಗಿ ವಿವರಿಸಿದರೆ ಸಾಲದು. ಪ್ರಕಟಣೆಯಲ್ಲಿ "ಘರ್ಷಣೆ: 15 ನಿಮಿಷ ಪರಿಕಲ್ಪನೆ, ಆಮೇಲೆ ಸ್ಥಳದಲ್ಲಿಯೇ ಕೊಡುವ 5 ಬಹುಆಯ್ಕೆ ಪ್ರಶ್ನೆಗಳನ್ನು ತಪ್ಪು ಆಯ್ಕೆಗಳು ಏಕೆ ತಪ್ಪೆಂಬ ವಿವರಣೆಯೊಂದಿಗೆ ಬಿಡಿಸುವುದು" ಎಂದು ಬರೆದರೆ ಅವರು ಅದಕ್ಕೆ ತಯಾರಾಗಿ ಬರುತ್ತಾರೆ. ಸ್ಥಳದಲ್ಲಿ ಕೊಟ್ಟ ಪ್ರಶ್ನೆಯೊಂದು ಬರದಿದ್ದಾಗ ಅಭ್ಯರ್ಥಿ "ಇದನ್ನು ನೋಡಿಕೊಂಡು ಹೇಳುತ್ತೇನೆ" ಎಂದರೆ ಅದನ್ನು ದೋಷವೆಂದು ಎಣಿಸಬಾರದು; ತಿಳಿಯದೆಯೇ ತಪ್ಪು ವಿವರಣೆ ಕೊಟ್ಟರೆ ಅದು ದೋಷ.

ಆಯ್ಕೆಯ ನಂತರ

ಆಯ್ಕೆಯಾದವರಿಗೆ ವಿಷಯ, ಪೀರಿಯಡ್, ವೇತನ, ಇತರ ಕೆಲಸಗಳನ್ನು ಪ್ರಕಟಣೆಯಲ್ಲಿ ಬರೆದಂತೆಯೇ ನಮೂದಿಸಿದ ನೇಮಕಾತಿ ಪತ್ರವನ್ನು ಒಂದು ವಾರದೊಳಗೆ ಕೊಡಬೇಕು. ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಲು ಆಗಲೇ ತಿಳಿಸಿದರೆ ಶಾಲೆ ತೆರೆಯುವ ಹೊತ್ತಿಗೆ ಅದು ಕೈಗೆ ಬರುವ ಸಾಧ್ಯತೆ ಇರುತ್ತದೆ. ಮೂಲ ಅಂಕಪಟ್ಟಿಗಳನ್ನು ಶಾಲೆಯ ಕಪಾಟಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯನ್ನು ಕೈಬಿಡಬೇಕು. ಶಿಕ್ಷಕರು ನಡುವಿನಲ್ಲಿ ಬಿಟ್ಟುಹೋಗಬಾರದೆಂಬ ಕಾಳಜಿ ಇದ್ದರೆ ಒಂದು ತಿಂಗಳ ಮುಂಗಡ ಸೂಚನೆಯ ಷರತ್ತನ್ನು ನೇಮಕಾತಿ ಪತ್ರದಲ್ಲಿಯೇ ಬರೆಯಬಹುದು, ಆ ಷರತ್ತು ಶಾಲೆಗೂ ಅನ್ವಯವಾಗುವಂತಿರಬೇಕು.

ಆಯ್ಕೆಯಾಗದವರಲ್ಲಿ ಎರಡನೆಯ ಸ್ಥಾನದಲ್ಲಿರುವವರಿಗೆ, ಜೂನ್ ಕೊನೆಯವರೆಗೆ ಹುದ್ದೆ ತೆರವಾದರೆ ಮೊದಲು ನಿಮ್ಮನ್ನೇ ಕರೆಯುತ್ತೇವೆ, ಆದರೆ ಅದಕ್ಕಾಗಿ ಬೇರೆ ಅವಕಾಶ ಬಿಡಬೇಡಿ ಎಂದು ಸ್ಪಷ್ಟವಾಗಿ ತಿಳಿಸಿ. ಮಂಗಳೂರಿನ ದೊಡ್ಡ ಸಂಸ್ಥೆಗಳ ಆಯ್ಕೆ ಮೇ ಕೊನೆಯವರೆಗೂ ನಡೆಯುತ್ತಿರುವುದರಿಂದ ಮೊದಲನೆಯವರು ಅಲ್ಲಿಗೆ ಹೊರಟುಹೋಗುವುದು ಅಪರೂಪವಲ್ಲ. ಉಳಿದವರಿಗೂ ಆಯ್ಕೆಯಾಗಿಲ್ಲವೆಂಬ ಎರಡು ಸಾಲಿನ ಸಂದೇಶ ಅದೇ ವಾರ ಹೋಗಬೇಕು. ಸಾಧ್ಯವಾದರೆ ಡೆಮೊ ಹಾಳೆಯಲ್ಲಿ ಯಾವ ಶೀರ್ಷಿಕೆಗೆ ಕಡಿಮೆ ಅಂಕ ಬಂತೆಂಬುದನ್ನು ಕೇಳಿದವರಿಗೆ ಹೇಳಬಹುದು. ಅಂಕದ ಹಾಳೆಗಳನ್ನು ಕನಿಷ್ಠ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಕಡತದಲ್ಲಿ ಇಟ್ಟುಕೊಳ್ಳಿ.